ಉಸಿರಿನ ಅಣು ನಡುಗುವ ಬಗೆ

ರೋಗಿಗೆ ಅರಿವಳಿಕೆ ಕೊಟ್ಟು, ಗಂಟಲೊಳಗೆ ಉಸಿರಾಟದ ಕೊಳವೆ ಇಳಿಸಿದ ಕೂಡಲೇ ಅರಿವಳಿಕೆ ವೈದ್ಯರ ಕಣ್ಣು ಮಾನಿಟರಿನ ಒಂದು ಗೆರೆಯ ಮೇಲೆ ನೆಡುತ್ತದೆ. ರೋಗಿ ಉಸಿರು ಬಿಟ್ಟಾಗ ಆ ಗೆರೆ ಎದ್ದು ನಿಲ್ಲಬೇಕು, ಎಳೆದುಕೊಂಡಾಗ ಇಳಿಯಬೇಕು. ಏಳದೆ ಹಾಗೇ ಮಲಗಿದ್ದರೆ ಕೊಳವೆ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿರಬಹುದು ಎಂಬ ಗುಮಾನಿ ಮೊದಲು ಬರುತ್ತದೆ. ಆ ಉಪಕರಣದ ಹೆಸರು ಕ್ಯಾಪ್ನೋಗ್ರಾಫ್. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅಳೆಯುವುದು ಅದರ ಕೆಲಸ.

ಅಳೆಯುವ ಉಪಾಯ ಸರಳ. ಉಸಿರಿನ ಒಂದು ಕಡೆಯಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸುತ್ತಾರೆ, ಇನ್ನೊಂದು ಕಡೆ ಎಷ್ಟು ಉಳಿಯಿತು ಎಂದು ನೋಡುತ್ತಾರೆ. ಎಂಥ ಅವಕೆಂಪು ಬೆಳಕಾದರೂ ಆಗದು; ಅದರ ಅಲೆಯುದ್ದ 4.26 ಮೈಕ್ರಾನ್ ಆಸುಪಾಸಿನಲ್ಲಿರಬೇಕು. ಒಂದು ಸೆಂಟಿಮೀಟರಿನಲ್ಲಿ ಇಂಥ 2349 ಅಲೆಗಳು ಹಿಡಿಸುತ್ತವೆ. ಅಣುಗಳ ಕಂಪನವನ್ನು ಅಳೆಯುವವರು ಆವೃತ್ತಿಯನ್ನೂ ಈ ಲೆಕ್ಕದಲ್ಲೇ ಹೇಳುವುದು ರೂಢಿ. ಸೆಕೆಂಡಿನ ಲೆಕ್ಕಕ್ಕೆ ತಂದರೆ ಅದು ಸುಮಾರು ಎಪ್ಪತ್ತು ಲಕ್ಷ ಕೋಟಿ ಕಂಪನ. ಅಷ್ಟು ಸೊನ್ನೆ ಬರೆಯುವುದಕ್ಕಿಂತ 2349 ಅನ್ನುವುದು ಸುಲಭ.

ಈ 2349 ಎಲ್ಲಿಂದ ಬಂತು? ಅದು ಅಣುವಿನೊಳಗಿನ ಯಾವ ಚಲನೆಯ ಸಂಖ್ಯೆ? ಉತ್ತರ ಹುಡುಕಲು ಆರಂಭದಲ್ಲಿ ಕ್ವಾಂಟಮ್ ಸಿದ್ಧಾಂತವೂ ಬೇಡ. ಮೂರು ಗುಂಡು, ಎರಡು ಸ್ಪ್ರಿಂಗ್ ಸಾಕು.

ಇಂಗಾಲದ ಡೈಆಕ್ಸೈಡಿನ ಅಣು ನೇರ ಗೆರೆಯಂಥದ್ದು. ನಡುವೆ ಇಂಗಾಲದ ಪರಮಾಣು, ಎರಡು ಬದಿಗೆ ಒಂದೊಂದು ಆಮ್ಲಜನಕದ ಪರಮಾಣು. ಪರಮಾಣುಗಳನ್ನು ಗುಂಡುಗಳೆಂದೂ ರಾಸಾಯನಿಕ ಬಂಧಗಳನ್ನು ಸ್ಪ್ರಿಂಗ್‌ಗಳೆಂದೂ ಭಾವಿಸೋಣ. ಆಮ್ಲಜನಕದ ದ್ರವ್ಯರಾಶಿ 16, ಇಂಗಾಲದ್ದು 12. ಎರಡೂ ಸ್ಪ್ರಿಂಗ್‌ಗಳ ಬಿಗಿ ಒಂದೇ. ಅದನ್ನು k ಎನ್ನೋಣ. ಸದ್ಯಕ್ಕೆ ಗುಂಡುಗಳು ಗೆರೆಯುದ್ದಕ್ಕೆ ಮಾತ್ರ ಆಚೀಚೆ ಸರಿಯಬಲ್ಲವು ಎಂದಿಟ್ಟುಕೊಳ್ಳೋಣ. ತಂತಮ್ಮ ನೆಲೆಯಿಂದ ಅವು ಎಷ್ಟು ಸರಿದಿವೆ ಎಂಬುದಕ್ಕೆ ಎಡದಿಂದ ಬಲಕ್ಕೆ x₁, x₂, x₃ ಎಂದು ಹೆಸರಿಡೋಣ.

ಎಡಗಡೆಯ ಆಮ್ಲಜನಕಕ್ಕೆ ತಗಲಿರುವುದು ಒಂದೇ ಸ್ಪ್ರಿಂಗ್. ಆ ಸ್ಪ್ರಿಂಗ್ ಹಿಗ್ಗಿರುವುದು x₂ − x₁ ರಷ್ಟು, ಹಾಗಾಗಿ ಅದರ ಮೇಲಿನ ಎಳೆತ k(x₂ − x₁). ಬಲಗಡೆಯದ್ದರ ಕಥೆಯೂ ಇದೇ. ನಡುವಿನ ಇಂಗಾಲವನ್ನು ಎರಡು ಕಡೆಯಿಂದಲೂ ಸ್ಪ್ರಿಂಗ್‌ಗಳು ಜಗ್ಗುತ್ತವೆ. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂಬ ನ್ಯೂಟನ್ನನ ಮಾತನ್ನು ಮೂರು ಗುಂಡುಗಳಿಗೂ ಬರೆದರೆ ಮೂರು ಸಮೀಕರಣ ಸಿಗುತ್ತವೆ. ತೊಡಕು ಏನೆಂದರೆ ಒಂದರಲ್ಲಿ ಇನ್ನೊಂದು ಹೆಣೆದುಕೊಂಡಿದೆ. ಎಡಗಡೆಯ ಗುಂಡು ಏನು ಮಾಡುತ್ತದೆ ಎಂದು ಹೇಳಲು ನಡುವಿನದು ಎಲ್ಲಿದೆ ಎಂದು ಗೊತ್ತಿರಬೇಕು, ನಡುವಿನದಕ್ಕೆ ಎರಡೂ ಬದಿಯವು ಬೇಕು.

ಎಡಗಡೆಯ ಆಮ್ಲಜನಕವೊಂದನ್ನೇ ತುಸು ಎಳೆದು ಬಿಟ್ಟರೆ ಅಣು ಅಡ್ಡಾದಿಡ್ಡಿ ಅಲುಗಾಡುತ್ತದೆ. ಯಾವ ಗುಂಡಿನ ಚಲನೆಯಲ್ಲೂ ಒಂದು ಹದ, ಒಂದು ತಾಳ ಕಾಣುವುದಿಲ್ಲ. ಆದರೆ ಕೆಲವೇ ಕೆಲವು ವಿಶೇಷ ಭಂಗಿಗಳಿವೆ. ಸರಿಯಾಗಿ ಆ ಭಂಗಿಯಲ್ಲಿ ಎಳೆದು ಬಿಟ್ಟರೆ ಮೂರೂ ಗುಂಡುಗಳು ಒಂದೇ ಆವೃತ್ತಿಯಲ್ಲಿ ತೂಗುತ್ತವೆ, ಒಂದೇ ಕ್ಷಣಕ್ಕೆ ತಂತಮ್ಮ ನೆಲೆಯನ್ನು ಹಾಯುತ್ತವೆ, ಒಂದೇ ಕ್ಷಣಕ್ಕೆ ತುದಿ ಮುಟ್ಟುತ್ತವೆ. ಭಂಗಿ ಹಿಗ್ಗುತ್ತದೆ, ಕುಗ್ಗುತ್ತದೆ, ತಲೆಕೆಳಗಾಗುತ್ತದೆ. ಆದರೆ ಅದರ ಆಕಾರ ಕೆಡುವುದಿಲ್ಲ. ಇಂಥ ಭಂಗಿಯನ್ನು ನಾರ್ಮಲ್ ಮೋಡ್ ಎನ್ನುತ್ತಾರೆ. ಅಡ್ಡಾದಿಡ್ಡಿ ಕಾಣುವ ಚಲನೆಯೆಲ್ಲ ಈ ಮೋಡ್‌ಗಳ ಬೆರಕೆ. ಗೆರೆಯ ಮೇಲೆ ಗುಂಡುಗಳು ಮೂರಿದ್ದರೆ ಮೋಡ್‌ಗಳೂ ಮೂರೇ.

ಅವನ್ನು ಹುಡುಕುವ ಬಗೆ ಹೀಗೆ. ಎಲ್ಲ ಗುಂಡುಗಳೂ ಒಂದೇ ಆವೃತ್ತಿಯಲ್ಲಿ ತೂಗುತ್ತಿದ್ದರೆ ಪ್ರತಿ ಗುಂಡಿನ ವೇಗೋತ್ಕರ್ಷವೂ ಅದು ಸರಿದ ದೂರದ −ω² ಪಟ್ಟು ಇರುತ್ತದೆ. ಇಲ್ಲಿ ω ಎಂಬುದು ಆವೃತ್ತಿಯ 2π ಪಟ್ಟು. ಇದನ್ನು ಮೂರು ಸಮೀಕರಣಗಳಲ್ಲಿ ಹಾಕಿದ ಕೂಡಲೇ ಕಾಲದ ಗೊಡವೆ ತಪ್ಪಿ, ಉಳಿಯುವುದು ಬರಿಯ ಬೀಜಗಣಿತ:

```
 k·x₁ −  k·x₂          = ω² · 16 · x₁
−k·x₁ + 2k·x₂ −  k·x₃  = ω² · 12 · x₂
      −  k·x₂ +  k·x₃  = ω² · 16 · x₃
```

ಎಡಗಡೆ ಇರುವುದೆಲ್ಲ ಸ್ಪ್ರಿಂಗ್‌ಗಳ ಸಮಾಚಾರ. ಬಲಗಡೆ ದ್ರವ್ಯರಾಶಿಗಳ ಸಮಾಚಾರ. ಎಡಗಡೆಯ ಅಂಕಿಗಳ ಚೌಕಕ್ಕೆ K ಮ್ಯಾಟ್ರಿಕ್ಸ್ ಎಂದೂ, 16, 12, 16 ಕರ್ಣದಲ್ಲಿ ಕುಳಿತ ಚೌಕಕ್ಕೆ M ಮ್ಯಾಟ್ರಿಕ್ಸ್ ಎಂದೂ, ಮೂರು ಸರಿತಗಳ ಕಂಬಕ್ಕೆ v ಎಂದೂ ಹೆಸರಿಟ್ಟರೆ ಇಡೀ ವ್ಯವಹಾರ ಒಂದು ಸಾಲಿನಲ್ಲಿ ಮುಗಿಯುತ್ತದೆ: K v = ω² M v. ಯಾವ v ಗೆ, ಯಾವ ω ಗೆ ಈ ಸಾಲು ನಿಜವಾಗುತ್ತದೆ ಎಂಬುದೇ ಪ್ರಶ್ನೆ. ಗಣಿತದವರು ಇದನ್ನು ಜನರಲೈಸ್ಡ್ ಐಗನ್‌ವ್ಯಾಲ್ಯೂ ಸಮಸ್ಯೆ ಎನ್ನುತ್ತಾರೆ.

ಮೂರು ಗುಂಡಿನ ಮಟ್ಟಿಗೆ ದೊಡ್ಡ ಯಂತ್ರ ಬೇಡ, ಸ್ವಲ್ಪ ಊಹೆ ಸಾಕು. ಮೊದಲು ಮೂರನ್ನೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿಸಿ ನೋಡೋಣ: v = (1, 1, 1). ಯಾವ ಸ್ಪ್ರಿಂಗೂ ಹಿಗ್ಗಲಿಲ್ಲ, ಎಡಗಡೆ ಮೂರೂ ಸಾಲು ಸೊನ್ನೆ. ಹಾಗಾಗಿ ω ಕೂಡ ಸೊನ್ನೆ. ಇದು ಕಂಪನವಲ್ಲ, ಅಣು ಇಡಿಯಾಗಿ ತೇಲಿಹೋಗುವುದು. ಆದರೂ ಲೆಕ್ಕದಲ್ಲಿ ಇದೂ ಒಂದು ಮೋಡ್, ಮುಂದೆ ಇದರಿಂದ ಕೆಲಸವಿದೆ.

ಎರಡನೆಯದು ಆಮ್ಲಜನಕಗಳು ಎದುರುಬದುರು ದಿಕ್ಕಿಗೆ ಸರಿದು ಇಂಗಾಲ ಅಲ್ಲಾಡದೆ ನಿಲ್ಲುವ ಭಂಗಿ: v = (1, 0, −1). ನಡುವಿನ ಸಾಲು ತಾನಾಗಿ ಸೊನ್ನೆಯಾಗುತ್ತದೆ, ಏಕೆಂದರೆ ಎರಡು ಕಡೆಯ ಜಗ್ಗಾಟ ಸರಿಸಮ. ಮೊದಲ ಸಾಲಿನಿಂದ ω² = k/16. ಇಂಗಾಲದ ದ್ರವ್ಯರಾಶಿ ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಅಲ್ಲಾಡದ ಗುಂಡು ಎಷ್ಟು ಭಾರವಾಗಿದ್ದರೇನು?

ಮೂರನೆಯದರಲ್ಲಿ ಆಮ್ಲಜನಕಗಳೆರಡೂ ಒಂದೇ ದಿಕ್ಕಿಗೆ, ಇಂಗಾಲ ಎದುರು ದಿಕ್ಕಿಗೆ. ಇಂಗಾಲ ಎಷ್ಟು ಸರಿಯಬೇಕು? ಹೊರಗಿನಿಂದ ಯಾರೂ ತಳ್ಳುತ್ತಿಲ್ಲವಾದ್ದರಿಂದ ಅಣುವಿನ ದ್ರವ್ಯರಾಶಿ ಕೇಂದ್ರ ಕದಲಬಾರದು. ಬದಿಯಲ್ಲಿ 16 ಮತ್ತು 16, ಒಟ್ಟು 32; ಅದನ್ನು ಸರಿದೂಗಿಸಲು 12ರ ಇಂಗಾಲ 32/12, ಅಂದರೆ 8/3 ಪಾಲು ಹಿಂದಕ್ಕೆ ಸರಿಯಬೇಕು. v = (1, −8/3, 1). ಮೊದಲ ಸಾಲಿಗೆ ಹಾಕಿದರೆ k(1 + 8/3) = 16ω², ಅಂದರೆ ω² = (k/16) × 11/3. ನಡುವಿನ ಸಾಲಿಗೆ ಹಾಕಿದರೂ ಇದೇ ಉತ್ತರ ಬರುತ್ತದೆ, ಪೆನ್ಸಿಲ್ ಹಿಡಿದು ನೋಡಬಹುದು.

ಇಂಗಾಲ ಅಷ್ಟು ದೂರ ಓಡಾಡುವುದರಿಂದ ಈ ಮೋಡ್‌ನಲ್ಲಿ ಸ್ಪ್ರಿಂಗ್‌ಗಳು ಹೆಚ್ಚು ಹಿಗ್ಗಿ ಕುಗ್ಗುತ್ತವೆ, ಹಾಗಾಗಿ ಆವೃತ್ತಿಯೂ ಹೆಚ್ಚು. ಎರಡು ಮೋಡ್‌ಗಳ ಆವೃತ್ತಿಗಳ ಅನುಪಾತ 11/3ರ ವರ್ಗಮೂಲ, ಸುಮಾರು 1.915. ಗಮನಿಸಿ, ಈ ಅನುಪಾತದಲ್ಲಿ k ಇಲ್ಲವೇ ಇಲ್ಲ. ಬಂಧದ ಬಿಗಿ ಎಷ್ಟೆಂದು ಗೊತ್ತಿಲ್ಲದೆಯೂ ಹೇಳಿಬಿಡಬಹುದಾದ ಸಂಖ್ಯೆ ಇದು. ಇದನ್ನು ಪ್ರಯೋಗದ ಮುಂದೆ ಇಟ್ಟು ನೋಡುವ ಮೊದಲು M ಬಗ್ಗೆ ಒಂದು ಮಾತು ಆಗಲೇಬೇಕು, ಏಕೆಂದರೆ ವಿದ್ಯಾರ್ಥಿಗಳು ಎಡವುವುದು ಅಲ್ಲಿಯೇ.

ಕಾಲೇಜಿನಲ್ಲಿ ಎಲ್ಲರೂ ಕಲಿಯುವ ಐಗನ್‌ವ್ಯಾಲ್ಯೂ ಸಮಸ್ಯೆಯಲ್ಲಿ ಬಲಗಡೆ M ಇರುವುದಿಲ್ಲ, K v = λ v ಅಷ್ಟೇ. ಗುಂಡುಗಳೆಲ್ಲ ಒಂದೇ ತೂಕದವಾಗಿದ್ದರೆ ನಮ್ಮ ಲೆಕ್ಕವೂ ಅಷ್ಟಕ್ಕೇ ಇಳಿಯುತ್ತಿತ್ತು. ತೂಕ ಬೇರೆಬೇರೆಯಾದಾಗ ಎತ್ತು ಮತ್ತು ಕರುವನ್ನು ಒಂದೇ ನೊಗಕ್ಕೆ ಕಟ್ಟಿದಂತೆ: ನೊಗದ ಎಳೆತ ಇಬ್ಬರಿಗೂ ಒಂದೇ, ಹೆಜ್ಜೆ ಮಾತ್ರ ಒಂದೇ ಅಲ್ಲ. ಇದನ್ನು ತಪ್ಪಿಸಿಕೊಳ್ಳಲು ಹಲವರು ಮಾಡುವ ಮೊದಲ ಕೆಲಸ ಪ್ರತಿ ಸಾಲನ್ನೂ ಅದರದರ ದ್ರವ್ಯರಾಶಿಯಿಂದ ಭಾಗಿಸಿಬಿಡುವುದು. M ಮಾಯವಾಗುತ್ತದೆ ನಿಜ. ಆದರೆ ಎಡಗಡೆಯ ಸ್ಪ್ರಿಂಗ್ ಮೊದಲ ಸಾಲಿನಲ್ಲಿ −k/16 ಎಂದೂ ಎರಡನೆಯ ಸಾಲಿನಲ್ಲಿ −k/12 ಎಂದೂ ಕಾಣಿಸಿಕೊಳ್ಳುತ್ತದೆ. ಇರುವುದು ಒಂದೇ ಸ್ಪ್ರಿಂಗ್, ಎರಡು ತುದಿಗೂ ಒಂದೇ ಬಲ. ಮ್ಯಾಟ್ರಿಕ್ಸ್ ಮಾತ್ರ ಎರಡು ಬೇರೆ ಅಂಕಿ ತೋರಿಸುತ್ತದೆ. ಕರ್ಣದ ಆಚೀಚೆ ಕನ್ನಡಿಯಂತೆ ಇದ್ದ ಸಮಮಿತಿ ಹೋಯಿತು. ಆವೃತ್ತಿಗಳು ಆಗಲೂ ಸರಿಯಾಗಿಯೇ ಬರುತ್ತವೆ, ಆದ್ದರಿಂದ ತಪ್ಪು ಕೂಡಲೇ ಗೊತ್ತಾಗುವುದಿಲ್ಲ. ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ, ಚಲನೆಯನ್ನು ಮೋಡ್‌ಗಳಾಗಿ ಬಿಡಿಸುವಾಗ.

ಎಡಗಡೆಯ ಆಮ್ಲಜನಕವೊಂದನ್ನೇ ಒಂದು ಅಳತೆ ಎಳೆದು ಬಿಟ್ಟೆವು ಎನ್ನಿ: ಆರಂಭದ ಸ್ಥಿತಿ (1, 0, 0). ಇದರಲ್ಲಿ ಯಾವ ಮೋಡ್ ಎಷ್ಟು ಬೆರೆತಿದೆ? ಸಾಮಾನ್ಯ ಪದ್ಧತಿಯಂತೆ ಎರಡು ಕಂಬಗಳ ಅಂಕಿಗಳನ್ನು ಜೋಡಿಜೋಡಿಯಾಗಿ ಗುಣಿಸಿ ಕೂಡಿ ಪಾಲು ತೆಗೆದರೆ ತೇಲುವ ಮೋಡ್‌ಗೆ 1/3, ಎರಡನೆಯದಕ್ಕೆ 1/2, ಮೂರನೆಯದಕ್ಕೆ 9/82 ಬರುತ್ತದೆ. ಇವುಗಳಿಂದ ಎಡಗಡೆಯ ಗುಂಡಿನ ಸರಿತವನ್ನು ಮತ್ತೆ ಕೂಡಿಸಿದರೆ 0.94. ಆದರೆ ನಾವು ಎಳೆದದ್ದು 1! ಲೆಕ್ಕದಲ್ಲಿ ಸೋರಿಕೆಯಿದೆ. ಈಗ ಪ್ರತಿ ಗುಣಾಕಾರದಲ್ಲೂ ಆ ಗುಂಡಿನ ದ್ರವ್ಯರಾಶಿಯನ್ನು ಸೇರಿಸಿಕೊಂಡು ಮಾಡೋಣ. ತೇಲುವ ಮೋಡ್‌ಗೆ 16/44, ಅಂದರೆ 4/11, ಎರಡನೆಯದಕ್ಕೆ 16/32, ಅಂದರೆ 1/2, ಮೂರನೆಯದಕ್ಕೆ 3/22. ಕೂಡಿದರೆ ಸರಿಯಾಗಿ 1. ಇಂಗಾಲಕ್ಕೆ ಕೂಡಿದರೆ ಸೊನ್ನೆ, ಬಲಗಡೆಯ ಆಮ್ಲಜನಕಕ್ಕೂ ಸೊನ್ನೆ. ಒಂದಿಷ್ಟೂ ಸೋರಲಿಲ್ಲ.

ಕಾರಣ ಮೂರನೆಯ ಮೋಡ್‌ನಲ್ಲೇ ಇದೆ. (1, 1, 1) ಮತ್ತು (1, −8/3, 1) ಎರಡನ್ನು ಬರಿದೆ ಗುಣಿಸಿ ಕೂಡಿದರೆ −2/3 ಬರುತ್ತದೆ, ಅವು ಒಂದಕ್ಕೊಂದು ಲಂಬವಲ್ಲ. ದ್ರವ್ಯರಾಶಿ ಸೇರಿಸಿದರೆ 16 − 32 + 16 = 0, ಲಂಬ. ಇದೇನೂ ಗಣಿತದ ಕೈಚಳಕವಲ್ಲ. ತೇಲುವ ಮೋಡ್‌ಗೆ M ಲೆಕ್ಕದಲ್ಲಿ ಲಂಬವಾಗಿರುವುದೆಂದರೆ ದ್ರವ್ಯರಾಶಿ ಕೇಂದ್ರ ಕದಲದಿರುವುದು. M ಅನ್ನು ಮರೆತು ಬರಿಯ ಲಂಬತೆಗಾಗಿ ಹಟ ಹಿಡಿದರೆ (1, −2, 1) ಎಂಬ ಭಂಗಿ ಸಿಗುತ್ತದೆ. ಮೂರು ಗುಂಡೂ ಸಮತೂಕವಾಗಿದ್ದರೆ ಅದು ಸರಿ. ನಮ್ಮ ಅಣುವಿನಲ್ಲಿ ಅದರ ಲೆಕ್ಕ 16 − 24 + 16 = 8. ಯಾರೂ ತಳ್ಳದೆ ಅಣುವಿನ ಕೇಂದ್ರ ತಾನಾಗಿ ಆಚೀಚೆ ಓಡಾಡಬೇಕಾಗುತ್ತದೆ, ಅದು ಸಾಧ್ಯವಿಲ್ಲದ ಮಾತು. ಸಂಶಯ ಬಂದಾಗ ಮೋಡ್ ಸರಿಯೇ ಎಂದು ನೋಡಲು ಇದೇ ಚೆನ್ನಾದ ಪರೀಕ್ಷೆ.

ದೊಡ್ಡ ಅಣುಗಳಿಗೆ ಕೈಲೆಕ್ಕ ಸಾಗದು, ಕಂಪ್ಯೂಟರ್ ಬೇಕು. ಆಗ K ಮತ್ತು M ಎರಡನ್ನೂ ಬೇರೆಬೇರೆಯಾಗಿ ಕೊಟ್ಟುಬಿಡುವುದು ಒಳ್ಳೆಯದು. ಪೈಥಾನ್‌ನಲ್ಲಿ ಇಡೀ ಕೆಲಸ ಇಷ್ಟೇ:

```python
import numpy as np
from scipy.linalg import eigh

k = 1685.0
M = np.diag([16, 12, 16]) * 1.6605e-27
K = k * np.array([[1, -1, 0], [-1, 2, -1], [0, -1, 1]])
w2, V = eigh(K, M)
print(np.sqrt(np.abs(w2)) / (2 * np.pi * 2.998e10))
```

ಇಲ್ಲಿ k ಬೆಲೆ ಮೀಟರಿಗೆ 1685 ನ್ಯೂಟನ್. ಏಕೆ ಅಷ್ಟು ಎಂಬುದು ಈಗ ಬರುತ್ತದೆ. ಉತ್ತರವಾಗಿ ಸೊನ್ನೆಗೆ ತೀರ ಹತ್ತಿರದ ಒಂದು ಸಂಖ್ಯೆ, 1337, 2560 ಸಿಗುತ್ತವೆ. ಕೊನೆಯ ಸಾಲಿನಲ್ಲಿ `np.abs` ಹಾಕಿದ್ದು ಸುಮ್ಮನೆ ಅಲ್ಲ. ತೇಲುವ ಮೋಡ್‌ನ ω² ಕಾಗದದ ಮೇಲೆ ಸೊನ್ನೆ, ಕಂಪ್ಯೂಟರಿನ ದಶಾಂಶಗಳಲ್ಲಿ ಅದು ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗೂ ಇಳಿಯಬಹುದು. ಋಣಸಂಖ್ಯೆಯ ವರ್ಗಮೂಲ ಕೇಳಿದರೆ ಅದು `nan` ಎಂದು ಕೈಚೆಲ್ಲುತ್ತದೆ. ಹಾಗೆಂದು ಎಲ್ಲ ಋಣಸಂಖ್ಯೆಗೂ ಹೀಗೆ ಮುಸುಕು ಹಾಕಬಾರದು. ಉಳಿದವುಗಳಿಗೆ ಹೋಲಿಸುವಷ್ಟು ದೊಡ್ಡ ಋಣಸಂಖ್ಯೆ ಬಂದರೆ K ಬರೆಯುವಾಗ ಚಿಹ್ನೆ ತಪ್ಪಿದೆ ಎಂದೋ, ಆ ಭಂಗಿಯಲ್ಲಿ ಅಣು ನೆಟ್ಟಗೆ ನಿಲ್ಲಲಾರದು ಎಂದೋ ಅರ್ಥ.

ಇನ್ನು ಪ್ರಯೋಗದ ಮಾತು. ಮೂರನೆಯ ಮೋಡ್‌ನಲ್ಲಿ ಇಂಗಾಲ ಒಂದು ಕಡೆ, ಆಮ್ಲಜನಕಗಳು ಇನ್ನೊಂದು ಕಡೆ ಹೋಗುವುದರಿಂದ ಅಣುವಿನ ವಿದ್ಯುದಂಶದ ಸಮತೋಲ ಆಚೀಚೆ ತೂಗುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಅದನ್ನು ಹಿಡಿದು ಅಲ್ಲಾಡಿಸಲು ಹಿಡಿ ಸಿಗುತ್ತದೆ. ಕ್ಯಾಪ್ನೋಗ್ರಾಫ್ ನೋಡುವುದು ಈ ಮೋಡನ್ನೇ. 2349 ಇದರದ್ದೇ ಆವೃತ್ತಿ. ಎರಡನೆಯ ಮೋಡ್‌ನಲ್ಲಿ ಎರಡು ಬದಿಯೂ ಸರಿಸಮವಾಗಿ ಹಿಗ್ಗುವುದರಿಂದ ಸಮತೋಲ ಕೆಡುವುದೇ ಇಲ್ಲ, ಅವಕೆಂಪು ಬೆಳಕಿಗೆ ಅದು ಕಾಣದು. ಗಾಳಿಯಲ್ಲಿರುವ ನೈಟ್ರೋಜನ್, ಆಮ್ಲಜನಕ ಅಣುಗಳು ಕ್ಯಾಪ್ನೋಗ್ರಾಫಿಗೆ ಅಡ್ಡಬರದಿರುವುದೂ ಇದೇ ಕಾರಣಕ್ಕೆ.

ಕಾಣದ ಆ ಮೋಡನ್ನು ಕಾಣಿಸಿಕೊಟ್ಟದ್ದು ರಾಮನ್ ಪರಿಣಾಮ. ಅಲ್ಲಿ ಬೆಳಕು ಹೀರಿಕೆಯಾಗುವುದಿಲ್ಲ, ಚದುರುತ್ತದೆ. ಚದುರಿದ ಬೆಳಕಿನ ಬಣ್ಣ ಅಣುವಿನ ಕಂಪನದಷ್ಟು ಪಲ್ಲಟವಾಗುತ್ತದೆ. ಅದಕ್ಕೆ ಸಮತೋಲ ತೂಗಬೇಕಿಲ್ಲ, ಅಣುವಿನ ಎಲೆಕ್ಟ್ರಾನ್ ಮೋಡ ಹಿಗ್ಗಿ ಕುಗ್ಗಿದರೆ ಸಾಕು. ಎರಡನೆಯ ಮೋಡ್ ಮಾಡುವುದು ಅದನ್ನೇ. ಕಲ್ಕತ್ತೆಯಲ್ಲಿ 1928ರ ಫೆಬ್ರವರಿಯಲ್ಲಿ ಕಂಡ ಈ ಹೊಸ ಬೆಳಕಿನ ಬಗ್ಗೆ ಸಿ.ವಿ. ರಾಮನ್ ವಿವರವಾಗಿ ಉಪನ್ಯಾಸ ಕೊಟ್ಟದ್ದು ಅದೇ ವರ್ಷ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ.

ಇಂಗಾಲದ ಡೈಆಕ್ಸೈಡಿನ ಮೇಲೆ ಈ ವಿಧಾನ ಪ್ರಯೋಗಿಸಿದಾಗ ಒಂದು ಗೆರೆ ಬರಬೇಕಾದ ಕಡೆ ಎರಡು ಬಂದವು: ಸುಮಾರು 1285ರಲ್ಲಿ ಒಂದು, 1388ರಲ್ಲಿ ಇನ್ನೊಂದು. ಬಿಡಿಸಿದವರು ಎನ್ರಿಕೊ ಫರ್ಮಿ, 1931ರಲ್ಲಿ. ಗೆರೆಯುದ್ದಕ್ಕೆ ಮಾತ್ರ ಸರಿಯಲಿ ಎಂದು ನಾವು ಹಾಕಿಕೊಂಡ ಕಟ್ಟಳೆ ಅಣುವಿಗೇನೂ ಅನ್ವಯಿಸದು. ಅದು ಬಿಲ್ಲಿನಂತೆ ಬಾಗಲೂಬಲ್ಲದು. ಬಾಗುವ ಕಂಪನದ ಆವೃತ್ತಿ 667. ಅದರ ಇಮ್ಮಡಿ 1334, ಎರಡನೆಯ ಮೋಡ್‌ನ ಆವೃತ್ತಿಗೆ ತೀರ ಹತ್ತಿರ. ನಿಜವಾದ ಬಂಧ ನಮ್ಮ ಆದರ್ಶ ಸ್ಪ್ರಿಂಗಿನಷ್ಟು ನೇರ ಸ್ವಭಾವದ್ದಲ್ಲವಾದ್ದರಿಂದ ಇವೆರಡಕ್ಕೂ ಸಣ್ಣ ಕೊಂಡಿ ಇರುತ್ತದೆ. ಒಂದೇ ಆವೃತ್ತಿಯ ಆಸುಪಾಸಿನಲ್ಲಿರುವ ಎರಡು ಕಂಪನಗಳಿಗೆ ಕೊಂಡಿ ಬಿದ್ದರೆ ಅವು ಒಂದನ್ನೊಂದು ದೂರ ತಳ್ಳುತ್ತವೆ. ಒಂದು ಮೇಲಕ್ಕೆ ಹೋದರೆ ಇನ್ನೊಂದು ಅಷ್ಟೇ ಕೆಳಕ್ಕೆ. ಹೀಗಾಗಿ ಎರಡರ ನಡುಬಿಂದು 1337 ಅನ್ನು ಎರಡನೆಯ ಮೋಡ್‌ನ ಆವೃತ್ತಿ ಎಂದು ಹಿಡಿಯಬಹುದು. k = 1685 ಬಂದದ್ದು ಅಲ್ಲಿಂದ.

ನಮ್ಮ ಮಾದರಿಯ ಪ್ರಕಾರ ಮೂರನೆಯ ಮೋಡ್ 1337ರ 1.915 ಪಟ್ಟು, ಅಂದರೆ 2560 ಇರಬೇಕು. ಇರುವುದು 2349. ನೂರಕ್ಕೆ ಒಂಬತ್ತರಷ್ಟು ತಪ್ಪು. ಅಳತೆಯ ದೋಷವೆಂದು ತಳ್ಳಿಹಾಕಲು ಇದು ಬಹಳ ದೊಡ್ಡದು. M ಅನ್ನು ದೂರುವಂತಿಲ್ಲ, ಪರಮಾಣುಗಳ ದ್ರವ್ಯರಾಶಿ ನಿಖರವಾಗಿ ಗೊತ್ತಿದೆ. ಹಾಗಾದರೆ ದೋಷ K ನಲ್ಲಿದೆ. ಎರಡನೆಯ ಮೋಡ್‌ನಿಂದ ಲೆಕ್ಕ ಹಾಕಿದರೆ k ಗೆ 1685 ಬರುತ್ತದೆ, ಮೂರನೆಯದರಿಂದ ಲೆಕ್ಕ ಹಾಕಿದರೆ 1419 ಬರುತ್ತದೆ. ಒಂದೇ ಸ್ಪ್ರಿಂಗಿಗೆ ಎರಡು ಬಿಗಿ ಇರಲಾರದು. ನಾವು ಬರೆಯದೆ ಬಿಟ್ಟ ಇನ್ನೊಂದು ಸ್ಪ್ರಿಂಗ್ ಇದೆ.

ಆಮ್ಲಜನಕದಿಂದ ಆಮ್ಲಜನಕಕ್ಕೆ ನೇರವಾಗಿ ಒಂದು ಸಣ್ಣ ಸ್ಪ್ರಿಂಗ್ ಕಟ್ಟಿ ನೋಡಿ. ಮೂರನೆಯ ಮೋಡ್‌ನಲ್ಲಿ ಎರಡು ಆಮ್ಲಜನಕಗಳೂ ಒಟ್ಟಿಗೇ ಸರಿಯುವುದರಿಂದ ಅದು ಹಿಗ್ಗುವುದೇ ಇಲ್ಲ, ಆ ಆವೃತ್ತಿಗೆ ಏನೂ ಆಗದು. ಎರಡನೆಯ ಮೋಡ್‌ನಲ್ಲಿ ಅದು ಪ್ರತಿ ಬದಿ ಸರಿದುದರ ಇಮ್ಮಡಿ ಹಿಗ್ಗುತ್ತದೆ. ಹಾಗಾಗಿ ಮುಖ್ಯ ಸ್ಪ್ರಿಂಗ್‌ಗಳು ತಲಾ 1419, ಈ ಹೊಸದು ಅದರ ಎರಡು ಪಟ್ಟು ಸೇರಿದಾಗ 1685 ಆಗುವಂತೆ 133 ಇದ್ದರೆ ಎರಡು ಆವೃತ್ತಿಗಳೂ ಕೂಡಿಬರುತ್ತವೆ. K ನ ನಾಲ್ಕು ಮೂಲೆಗಳಲ್ಲಷ್ಟೇ ಬದಲಾವಣೆ. ಮೋಡ್‌ಗಳ ಭಂಗಿ ಬದಲಾಗುವುದಿಲ್ಲ, ಏಕೆಂದರೆ ಅಣುವಿನ ಎಡಬಲ ಸಮಮಿತಿಯೂ ಕದಲದ ಕೇಂದ್ರವೂ ಆ ಭಂಗಿಗಳನ್ನು ಮೊದಲೇ ಕಟ್ಟಿಹಾಕಿವೆ. ಆ ಇಬ್ಬರು ಆಮ್ಲಜನಕಗಳ ನಡುವೆ ನಿಜವಾಗಿ ಬಂಧವಿದೆ ಎಂದಲ್ಲ. ಒಂದು ಬದಿಯ ಬಂಧವನ್ನು ಎಳೆದಾಗ ಇಡೀ ಅಣುವಿನ ಎಲೆಕ್ಟ್ರಾನ್‌ಗಳ ಹಂಚಿಕೆ ಬದಲಾಗಿ ಇನ್ನೊಂದು ಬದಿಯ ಬಂಧಕ್ಕೂ ಅದರ ಬಿಸಿ ತಟ್ಟುತ್ತದೆ. 133 ಅದರ ಅಳತೆ.

ಬಾಗುವ ಕಂಪನದ ಮಾತು ಬಂತು, ಅದರ ಹಿಂದೆ ಒಂದು ಹಳೆಯ ತಕರಾರಿದೆ. ಅಣು ಮೇಲೆ ಕೆಳಗೆ ಬಾಗಬಲ್ಲದು, ಹಿಂದೆ ಮುಂದೆಯೂ ಬಾಗಬಲ್ಲದು. ಎರಡಕ್ಕೂ ಆವೃತ್ತಿ ಒಂದೇ, 667. ಹದಿನೆಂಟನೆಯ ಶತಮಾನದಲ್ಲಿ ಸಣ್ಣ ಕಂಪನಗಳ ಗಣಿತ ಕಟ್ಟಿದ ಲಗ್ರಾಂಜ್, ಎರಡು ಆವೃತ್ತಿಗಳು ಹೀಗೆ ಒಂದಾಗಿಬಿಟ್ಟರೆ ಕಂಪನ ಕಾಲದೊಂದಿಗೆ ಬೆಳೆಯುತ್ತಾ ಹೋಗಿ ವ್ಯವಸ್ಥೆಯೇ ನಿಲ್ಲದು ಎಂದು ಭಾವಿಸಿದ್ದರು. ಅದು ತಪ್ಪೆಂದು 1858ರಲ್ಲಿ ಬರ್ಲಿನ್ನಿನ ವೈಯರ್‌ಸ್ಟ್ರಾಸ್ ತೋರಿಸಿದರು. K ಮತ್ತು M ಎರಡೂ ಸಮಮಿತಿಯವಾಗಿದ್ದು, M ಯಾವ ಚಲನೆಗೂ ಧನ ಶಕ್ತಿಯನ್ನೇ ಕೊಡುವಂತಿದ್ದರೆ, ಆವೃತ್ತಿಗಳು ಒಂದರ ಮೇಲೊಂದು ಬಿದ್ದರೂ ಮೋಡ್‌ಗಳ ಸಂಖ್ಯೆ ಕಡಿಮೆಯಾಗದು, ಪ್ರತಿಯೊಂದೂ M ಲೆಕ್ಕದಲ್ಲಿ ಇನ್ನೊಂದಕ್ಕೆ ಲಂಬವಾಗಿಯೇ ಇರುತ್ತದೆ. ದ್ರವ್ಯರಾಶಿಯಿಂದ ಭಾಗಿಸಿ ಸಮಮಿತಿ ಕಳೆದುಕೊಳ್ಳಬೇಡಿ ಎಂದು ಅನುಭವಿಗಳು ಹೇಳುವುದು ಈ ಖಾತರಿಗಾಗಿ. ನೀವು ಬಿಡುವ ಪ್ರತಿ ಉಸಿರಿನಲ್ಲೂ ಎರಡೆರಡು ಸಮಾನ ಆವೃತ್ತಿ ಇಟ್ಟುಕೊಂಡ ಅಸಂಖ್ಯ ಅಣುಗಳಿವೆ, ಅದರಿಂದಾಗಿ ಯಾವುದೂ ಸಿಡಿದುಹೋಗಿಲ್ಲ. ಭೂಮಿಯ ಶಾಖವನ್ನು ಹಿಡಿದಿಡುವ ಹೆಸರುವಾಸಿ 15 ಮೈಕ್ರಾನ್ ಹೀರಿಕೆಯೂ ಈ ಬಾಗುವ ಜೋಡಿಯದೇ.

ಮೂರನೆಯ ಸ್ಪ್ರಿಂಗಿನ ಬಗ್ಗೆ ಓದುಗರಿಗೆ ಒಂದು ಸಂಶಯ ಬರಬೇಕು, ಬರದಿದ್ದರೆ ಬರಿಸಿಕೊಳ್ಳಬೇಕು. ಎರಡು ಆವೃತ್ತಿಗಳಿದ್ದವು, ಎರಡು ಬಿಗಿಗಳನ್ನು ಹೊಂದಿಸಿಕೊಂಡೆವು, ಹೊಂದದೆ ಏನಾದೀತು? ಮಾದರಿ ಸರಿಯೇ ಎಂದು ನೋಡಬೇಕಾದರೆ ಹೊಂದಾಣಿಕೆಗೆ ಬಳಸದ ಇನ್ನೊಂದು ಅಳತೆ ಬೇಕು. ಅದನ್ನು ಪ್ರಕೃತಿಯೇ ಇಟ್ಟುಕೊಟ್ಟಿದೆ. ಇಂಗಾಲದ ನೂರು ಪರಮಾಣುಗಳಲ್ಲಿ ಒಂದರಷ್ಟು 12ರ ಬದಲು 13 ತೂಗುತ್ತವೆ. ಹೆಚ್ಚಾಗಿರುವುದು ಬೀಜಕೇಂದ್ರದಲ್ಲಿ ಒಂದು ನ್ಯೂಟ್ರಾನ್ ಮಾತ್ರ. ಎಲೆಕ್ಟ್ರಾನ್‌ಗಳು ಅಷ್ಟೇ, ಬಂಧಗಳು ಅವೇ. ಸಮೀಕರಣದ ಭಾಷೆಯಲ್ಲಿ K ಹಾಗೇ ಉಳಿಯಿತು, M ನಡುವಿನ ಒಂದು ಅಂಕಿ ಬದಲಾಯಿತು. ಬಿಗಿ ಮತ್ತು ದ್ರವ್ಯರಾಶಿಯನ್ನು ಸಮೀಕರಣದ ಎರಡು ಬದಿಗೆ ಬೇರೆಬೇರೆ ಇಟ್ಟುಕೊಂಡಿದ್ದರ ಲಾಭ ಇಲ್ಲಿ ಸಿಗುತ್ತದೆ.

ಮೂರನೆಯ ಮೋಡ್‌ನ ω² ಅನ್ನು k(1/16 + 2/12) ಎಂದೂ ಬರೆಯಬಹುದು. 12ರ ಜಾಗಕ್ಕೆ 13 ಹಾಕಿದರೆ ಆವೃತ್ತಿ 0.9716 ಪಟ್ಟಿಗೆ ಇಳಿಯುತ್ತದೆ. 2349 ಗುಣಿಸು 0.9716, ಅಂದರೆ 2282. ಪ್ರಯೋಗದಲ್ಲಿ ಕಾಣುವುದು ಸುಮಾರು 2283. ಮೊದಲ ಸಲ ನೂರಕ್ಕೆ ಒಂಬತ್ತು ತಪ್ಪಿದ್ದ ಮಾದರಿ ಈ ಸಲ ಎರಡು ಸಾವಿರಕ್ಕೆ ಒಂದರಷ್ಟೂ ತಪ್ಪಲಿಲ್ಲ. ಬಂಧಗಳ ಬಿಗಿಯನ್ನು ಊಹಿಸುವುದು ಕಷ್ಟ, ದ್ರವ್ಯರಾಶಿ ಬದಲಾದರೆ ಏನಾಗುತ್ತದೆಂದು ಹೇಳುವುದು ಸುಲಭ.

ಈ 66ರ ಅಂತರದಿಂದಲೇ ಆಸ್ಪತ್ರೆಗಳಲ್ಲಿ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 13ರ ಇಂಗಾಲದಿಂದ ಮಾಡಿದ ಯೂರಿಯಾವನ್ನು ರೋಗಿಗೆ ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ಚೀಲದಲ್ಲಿ ಉಸಿರು ಹಿಡಿಯುತ್ತಾರೆ. ಅವಕೆಂಪು ಉಪಕರಣ 2349ರ ಪಟ್ಟಿಯನ್ನೂ 2283ರ ಪಟ್ಟಿಯನ್ನೂ ಬೇರೆಬೇರೆಯಾಗಿ ಅಳೆದು, ಕುಡಿಯುವ ಮೊದಲಿನ ಉಸಿರಿಗೆ ಹೋಲಿಸುತ್ತದೆ. 13ರ ಪಾಲು ಏರಿದ್ದರೆ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದೆ. 13ರ ಇಂಗಾಲ ವಿಕಿರಣ ಸೂಸುವುದಿಲ್ಲವಾದ್ದರಿಂದ ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರು 14ರ ಬದಲು ಇದನ್ನೇ ಆರಿಸಿಕೊಳ್ಳುತ್ತಾರೆ.